ಟಾಸ್ಕ್ ರೀಓಪನ್ ಆಗ್ತಿರೋದು ಸೂಚನೆಯಿಂದಲೋ, ಟ್ರೇನಿಂಗ್ ಸಾಲದೆಯೋ?

ರೂಪಾ: ಕಸ್ಟಮರ್ ರಿಕ್ವೆಸ್ಟ್ ನೋಡೋ ಆರು ಜನರ ಟೀಮ್ ನಮ್ದು. ಹೋದ ತಿಂಗಳು 400 ಟಾಸ್ಕ್ ಕ್ಲೋಸ್ ಮಾಡಿದ್ವಿ, ಅದ್ರಲ್ಲಿ 48 ರೀಓಪನ್ ಆದ್ವು. ಮ್ಯಾನೇಜರ್ ಎಲ್ಲರಿಗೂ ಮತ್ತೆ ಟ್ರೇನಿಂಗ್ ಕೊಡಿ ಅಂತಿದಾರೆ. ತಪ್ಪು ಇರೋದು ಕೆಲಸ ಹೇಗೆ ಮಾಡ್ಬೇಕು ಅಂತ ಬರೆದಿಟ್ಟ ಸೂಚನೇಲಾ ಟ್ರೇನಿಂಗಲ್ಲಾ ಅಂತ ಹೇಗೆ ಪತ್ತೆ ಹಚ್ಚೋದು?

ಪ್ರವೀಣ್: 12% ಅಂದ್ರೆ ಜಾಸ್ತಿನೇ ಆಯ್ತು. ಯಾರ್ ಯಾರ್ದು ಎಷ್ಟೆಷ್ಟು ರೀಓಪನ್ ಆಗಿದೆ ಅಂತ ಹೆಸರು ಸಮೇತ ಲಿಸ್ಟ್ ತೆಗೀರಿ, ಅಪ್ರೈಸಲ್‌ಗೆ ಸೇರಿಸಿ, ಆಮೇಲೆ ನೋಡಿ ಹೆಂಗೆ ಇಳಿಯುತ್ತೆ.

ಶ್ರೀಧರ: ಪ್ರವೀಣ್, ಇಳಿಯೋದೇನೋ ಇಳಿಯುತ್ತೆ, ಆದ್ರೆ ಕೆಲಸ ಸರಿಹೋಗಿ ಅಲ್ಲ. ಅಪ್ರೈಸಲ್‌ಗೆ ಕಟ್ಟಿದ ತಕ್ಷಣ ಜನ ಹಳೇ ಟಾಸ್ಕ್ ರೀಓಪನ್ ಮಾಡೋ ಬದಲು ಕಸ್ಟಮರ್‌ಗೆ "ಹೊಸದೊಂದು ರಿಕ್ವೆಸ್ಟ್ ಹಾಕಿ" ಅಂತಾರೆ, ಇಲ್ಲಾ ಮುಗಿದ ಟಾಸ್ಕನ್ನ ಕ್ಲೋಸ್ ಮಾಡದೆ ಸುಮ್ನೆ ಇಟ್ಕೊಂಡಿರ್ತಾರೆ. ಹಾಗೆ ಆಗ್ತಿದೆಯಾ ಅಂತ ಗೊತ್ತಾಗ್ಬೇಕಂದ್ರೆ ಅದೇ ಕಸ್ಟಮರ್, ಅದೇ ಥರದ ಕೆಲಸ, ಕ್ಲೋಸ್ ಆಗಿ 14 ದಿನದೊಳಗೆ ಇನ್ನೊಂದು ಟಾಸ್ಕಾಗಿ ಬಂದಿದೆಯಾ ಅಂತ ಹುಡುಕಬೇಕು. ಬಂದಿದ್ರೆ ಅದನ್ನೂ ರೀಓಪನ್ ಅಂತಲೇ ಎಣಿಸಬೇಕು.

ರೂಪಾ ಮೇಡಂ, ಮೊದ್ಲು ಆ 48ರಲ್ಲಿ ಒಂದೊಂದರ ಕೊನೇ ಕಾಮೆಂಟ್ ಓದಿ. ರೀಓಪನ್ ಮಾಡೋವಾಗ ಆರಿಸೋ ಡ್ರಾಪ್‌ಡೌನ್ ಕಾರಣ ನಂಬ್ಬೇಡಿ, ಅವಸರದಲ್ಲಿ ಎಲ್ಲರೂ ಮೊದಲನೇದನ್ನೇ ಒತ್ತಿರ್ತಾರೆ. ಓದಿದ್ಮೇಲೆ ಎರಡು ಥರ ಬಿಡಿಸಿ: ಯಾವ ಥರದ ಟಾಸ್ಕು, ಯಾರು ಕ್ಲೋಸ್ ಮಾಡಿದ್ದು. ಎರಡನ್ನೂ ಒಂದೇ ಟೇಬಲ್‌ನಲ್ಲಿ ಇಡಿ.

ಕಿರಣ್: ನಮ್ಮಲ್ಲೂ ಇದೇ ತಲೆನೋವು, ಫಿಕ್ಸ್ ಮಾಡಿದ ಬಗ್ ಮುಂದಿನ ರಿಲೀಸಲ್ಲಿ ವಾಪಸ್ ಬರುತ್ತೆ. ಒಂದೊಂದು ಬಗ್‌ಗೂ ಒಂದೊಂದು ಆಟೋಮೇಟೆಡ್ ಟೆಸ್ಟ್ ಬರೆದಿಟ್ರೆ ಮುಗೀತು. ನಂಬರ್ ಬೇಕಂದ್ರೆ ಜಿರಾದಲ್ಲಿ ಇದನ್ನ ಹಾಕಿ:

```
project = OPS AND status CHANGED FROM Done AFTER -30d
```

ಶ್ರೀಧರ: ಕಿರಣ್, ಅವರದು ಕೋಡ್ ಅಲ್ಲ, ಮನುಷ್ಯರು ಕೈಯಾರೆ ಮಾಡೋ ಕೆಲಸ, ಟೆಸ್ಟ್ ಬರೆಯೋ ಜಾಗ ಇಲ್ಲ. ಈ ಕ್ವೆರಿ ತಪ್ಪಲ್ಲ, ಆದ್ರೆ ಇದು ಹಿಡಿಯೋದು 30 ದಿನದಲ್ಲಿ ರೀಓಪನ್ ಆದದ್ದನ್ನ, ಅವು ಕ್ಲೋಸ್ ಆಗಿದ್ದು ಅದಕ್ಕೂ ಹಿಂದಿನ ತಿಂಗಳು ಇರ್ಬಹುದು. ಸೂಚನೆ ಇವತ್ತು ತಿದ್ದಿದ್ರಿ ಅಂದ್ಕೊಳ್ಳಿ, ಹಳೇ ಸೂಚನೆ ನೋಡಿ ಕ್ಲೋಸ್ ಮಾಡಿದ್ದು ಮುಂದಿನ ವಾರ ರೀಓಪನ್ ಆಗುತ್ತೆ, ಆಗ ತಿದ್ದಿದ್ದೇ ಕೆಲಸ ಮಾಡ್ಲಿಲ್ಲ ಅಂತ ಕಾಣುತ್ತೆ. ಅದಕ್ಕೇ ಕ್ಲೋಸ್ ಆದ ವಾರದ ಲೆಕ್ಕಕ್ಕೆ ಸೇರಿಸಿ, ಒಂದೊಂದಕ್ಕೂ 14 ದಿನ ಕಾದು, ಆಮೇಲೆ ಶೇಕಡಾ ಹಾಕ್ಬೇಕು.

ರೂಪಾ: ಎಲ್ಲಾ ಕೂತು ಓದ್ದೆ. 9 ರೀಓಪನ್ನೇ ಅಲ್ಲ, ಕಸ್ಟಮರ್ "ಥ್ಯಾಂಕ್ಸ್" ಅಂತ ರಿಪ್ಲೈ ಹಾಕಿದಾರೆ, ಸಿಸ್ಟಮ್ ತಾನೇ ಓಪನ್ ಮಾಡಿದೆ. ಉಳಿದ 39ರಲ್ಲಿ 24 ಅಡ್ರೆಸ್ ಬದಲಾವಣೆ, 11 ರೀಫಂಡ್, 4 ಚಿಲ್ಲರೆ. ಅಡ್ರೆಸ್ ಟಾಸ್ಕ್ ಒಟ್ಟು 120, ಎಲ್ಲರಿಗೂ 20 20 ಬಂದಿದೆ. ಐದು ಜನಕ್ಕೆ ತಲಾ 4ರಿಂದ 6 ವಾಪಸ್ ಬಂದಿವೆ, ಆರನೆಯವರಿಗೆ ಒಂದೂ ಇಲ್ಲ, ಅವರು ಟೀಮಲ್ಲಿ ಎಲ್ಲರಿಗಿಂತ ಹಳಬರು. ರೀಫಂಡ್‌ದು ಬೇರೆ ಥರ, ಹೊಸದಾಗಿ ಸೇರಿದ ಇಬ್ಬರು 30 ಮಾಡಿದಾರೆ 9 ವಾಪಸ್, ಉಳಿದ ನಾಲ್ವರು 50 ಮಾಡಿದಾರೆ 2 ವಾಪಸ್.

ಪ್ರವೀಣ್: ನೋಡಿ, ಅದೇ ಸೂಚನೆ ಇಟ್ಕೊಂಡು ಒಬ್ಬರು ಒಂದೂ ತಪ್ಪಿಲ್ದೆ ಮಾಡ್ತಿದಾರೆ ಅಂದ್ಮೇಲೆ ಸೂಚನೇಲಿ ತಪ್ಪೇನಿದೆ? ಉಳಿದವರಿಗೆ ಕಲಿಸಬೇಕು ಅಷ್ಟೇ.

ಶ್ರೀಧರ: ನೀವು ಕೈ ಇಟ್ಟ ಜಾಗ ಸರಿಯಾಗಿದೆ, ಅದರಿಂದ ಹೇಳ್ತಿರೋದು ಉಲ್ಟಾ ಆಗಿದೆ. ಐದು ಜನ ಒಂದೇ ಕೆಲಸದಲ್ಲಿ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಎಡವಿದ್ರೆ ಆ ಐದೂ ಜನರ ಕಣ್ಮುಂದೆ ಇರೋದು ಒಂದೇ ಕಾಗದ ತಾನೆ. ಆರನೆಯವರು ಸೂಚನೆ ನೋಡಿ ಮಾಡ್ತಿದಾರಾ ಅಥವಾ ಅನುಭವದ ಮೇಲಾ, ಅದನ್ನ ಕೇಳ್ಬೇಕು. ರೂಪಾ ಮೇಡಂ, ಅವರ ಪಕ್ಕ ಕೂತು ಒಂದು ಅಡ್ರೆಸ್ ಟಾಸ್ಕ್ ಶುರುವಿಂದ ಕೊನೇವರೆಗೆ ನೋಡಿ, ಸೂಚನೇಲಿಲ್ಲದ್ದು ಏನು ಮಾಡ್ತಾರೆ ಅಂತ ಬರ್ಕೊಳ್ಳಿ.

ರೂಪಾ: ಸಿಕ್ತು! ಸೂಚನೇಲಿರೋದು "ಪ್ರೊಫೈಲಲ್ಲಿ ಅಡ್ರೆಸ್ ಬದಲಾಯಿಸಿ ಕ್ಲೋಸ್ ಮಾಡಿ" ಅಂತ. ಅವರು ಅಷ್ಟಕ್ಕೇ ನಿಲ್ಲಲ್ಲ, ಬಿಲ್ಲಿಂಗ್ ಸ್ಕ್ರೀನಿಗೆ ಹೋಗಿ ಅಲ್ಲೂ ಬದಲಾಯಿಸ್ತಾರೆ. ಕೇಳಿದ್ರೆ, ಹಿಂದೆ ಎರಡಕ್ಕೂ ಒಂದೇ ಅಡ್ರೆಸ್ ಇತ್ತಂತೆ, ಸಿಸ್ಟಮ್ ಬದಲಾದಾಗ ಬೇರೆ ಬೇರೆ ಆಯ್ತು, ಸೂಚನೆ ಯಾರೂ ಮುಟ್ಲಿಲ್ಲ. 24 ಕಾಮೆಂಟ್ ವಾಪಸ್ ನೋಡಿದ್ರೆ 21ರಲ್ಲಿ "ಬಿಲ್ ಹಳೇ ಅಡ್ರೆಸ್ಸಿಗೇ ಬಂತು" ಅಂತಲೇ ಇದೆ.

ಸುಮಾ: ನಾನು ಟ್ರೇನಿಂಗ್ ಕಡೆಯವಳು. ಇಂಥದ್ದೆಲ್ಲಾ ಕೊನೆಗೆ ನಮ್ಮ ತಲೆಗೇ ಬರುತ್ತೆ, ಅದಕ್ಕೇ ಈ ಥ್ರೆಡ್ ಓದಿ ಸಮಾಧಾನ ಆಯ್ತು. ಎಲ್ಲರಿಗೂ ಅರ್ಧ ದಿನ ಕ್ಲಾಸ್ ಮಾಡಿದ್ರೂ ನಾವು ಹೇಳ್ಕೊಡೋದು ಅದೇ ಹಳೇ ಸೂಚನೇನೇ, ಬಿಲ್ಲಿಂಗ್ ಸ್ಕ್ರೀನ್ ವಿಷ್ಯ ನಮಗೆ ಹೇಳೋರು ಯಾರು? ಆದ್ರೆ ಒಂದು ಮಾತು, "ಬಿಲ್ಲಿಂಗಲ್ಲೂ ಬದಲಾಯಿಸಿ" ಅಂತ ಒಂದು ಸಾಲು ಕೊನೇಲಿ ಸೇರಿಸಿ ಸುಮ್ನಾಗ್ಬೇಡಿ. ದಿನಾ ಅದೇ ಕೆಲಸ ಮಾಡೋರು ಸೂಚನೆ ಮತ್ತೆ ತೆರೆದು ಓದೋದೇ ಇಲ್ಲ. ಕ್ಲೋಸ್ ಮಾಡೋ ಕಡೆಯೇ "ಪ್ರೊಫೈಲ್, ಬಿಲ್ಲಿಂಗ್ ಎರಡರಲ್ಲೂ ಹೊಸ ಅಡ್ರೆಸ್ ಕಾಣ್ತಿದೆ" ಅಂತ ಟಿಕ್ ಹಾಕೋ ಹಾಗೆ ಇರಲಿ.

ಪ್ರವೀಣ್: ಸರಿ, ಅಡ್ರೆಸ್ ವಿಷ್ಯ ಒಪ್ದೆ. ಟಿಕ್ ಬಾಕ್ಸ್ ಮಾತ್ರ ಒಪ್ಪಲ್ಲ, ಎಲ್ಲರೂ ನೋಡ್ದೆ ಒತ್ತಿ ಹೋಗ್ತಾರೆ. ರೀಫಂಡ್ ಅಂತೂ ಸ್ಪಷ್ಟವಾಗಿ ಟ್ರೇನಿಂಗ್ ಸಮಸ್ಯೆನೇ, ಹೊಸಬರು ಇಬ್ಬರೇ ಅಲ್ವಾ ತಪ್ಪು ಮಾಡ್ತಿರೋದು.

ಶ್ರೀಧರ: ನೋಡಿದ್ರೆ ಹಾಗೇ ಅನ್ಸುತ್ತೆ, ನಾನಿನ್ನೂ ಅವಸರ ಮಾಡಲ್ಲ. ಅಡ್ರೆಸ್‌ನಲ್ಲಿ ಒಬ್ಬರ ತಲೇಲಿದ್ದ ವಿಷ್ಯ ರೀಫಂಡ್‌ನಲ್ಲಿ ನಾಲ್ಕು ಹಳಬರ ತಲೇಲಿ ಇರ್ಬಹುದಲ್ಲ, ಆಗಲೂ ಟೇಬಲ್‌ನಲ್ಲಿ ಹೀಗೇ ಕಾಣುತ್ತೆ. ಅದಕ್ಕೆ ರೀಓಪನ್ ಆದ ಮೂರು ರೀಫಂಡ್ ಟಾಸ್ಕ್ ತಗೊಂಡು, ಹೊಸಬರಿಬ್ಬರನ್ನೂ ಬೇರೆ ಬೇರೆ ಕೂರಿಸಿ, ಸೂಚನೆ ಕೈಗೆ ಕೊಟ್ಟು, ಯಾವ ಸಾಲು ನೋಡಿ ಏನು ಮಾಡ್ತೀರಿ ಅಂತ ಬಾಯಿಬಿಟ್ಟು ಹೇಳಿಸಿ. ಇಬ್ಬರೂ ಸರಿಯಾದ ಸಾಲು ತೋರಿಸಿ ಸರಿಯಾಗಿ ಹೇಳಿ, ಕೆಲಸದ ಮಧ್ಯೆ ಮಾತ್ರ ತಪ್ತಿದ್ರೆ ಅಭ್ಯಾಸ ಸಾಲದು, ಹಳಬರ ಜೊತೆ ಕೂರಿಸಿ ಮಾಡಿಸಬೇಕು. ಒಂದೇ ಸಾಲನ್ನ ಇಬ್ಬರು ಎರಡು ಥರ ಓದಿದ್ರೆ, ಇಲ್ಲಾ ಅಂಥ ಸಾಲೇ ಇಲ್ಲದಿದ್ರೆ, ಬರವಣಿಗೆ ಸರಿಮಾಡ್ಬೇಕು.

ರೂಪಾ: ಒಬ್ಬರನ್ನ ಕೂರಿಸಿ ನೋಡಿದೆ. ಪೂರ್ತಿ ರೀಫಂಡಾ ಭಾಗಶಃ ರೀಫಂಡಾ ಅನ್ನೋದು ಸೂಚನೇಲಿ ಸ್ಪಷ್ಟವಾಗೇ ಇದೆ, ಅವರೇ ಬೆರಳಿಟ್ಟು ತೋರಿಸಿದ್ರು, ಆದ್ರೆ ಎರಡು ಸಲ ಪೇಮೆಂಟ್ ಆಗಿರೋ ಕೇಸ್ ಬಂದಾಗ ಗೊಂದಲ ಮಾಡ್ಕೊಂಡ್ರು. ಇನ್ನೊಬ್ಬರು ನಾಳೆ.

ಸುಮಾ: ಅಂಥ ಕೇಸಿಗೆ ಕ್ಲಾಸ್ ಸಾಲಲ್ಲ, ನಿಜವಾದ ಹಳೇ ಟಾಸ್ಕ್ ಕೊಟ್ಟು ಮಾಡಿಸ್ಬೇಕು. ಬೇಕಿದ್ರೆ ಅಭ್ಯಾಸದ ಸೆಟ್ ನಾನು ಮಾಡಿಕೊಡ್ತೀನಿ. ಆದ್ರೆ ಸಿಸ್ಟಮ್ ಬದಲಾದಾಗೆಲ್ಲ ಸೂಚನೆ ತಿದ್ದೋದು ಯಾರ ಕೆಲಸ ಅನ್ನೋದು ಇಲ್ಲಿ ಯಾರೂ ಹೇಳ್ಲಿಲ್ಲ. ನಮ್ಮಲ್ಲಂತೂ ಅದಕ್ಕೆ ಯಾರ ಹೆಸರೂ ಇಲ್ಲ.

ಪ್ರವೀಣ್: ಟೀಮ್ ಲೀಡ್ ತಿದ್ಬೇಕು.

ಶ್ರೀಧರ: ಲೀಡ್‌ಗೆ ಬಿಲ್ಲಿಂಗ್ ಸ್ಕ್ರೀನ್ ಬದಲಾಗಿದ್ದೇ ಗೊತ್ತಿರಲಿಲ್ಲ ಅಂದ್ರೆ ಹೆಂಗೆ ತಿದ್ತಾರೆ? ಸಿಸ್ಟಮ್ ಬದಲಾಯಿಸೋರೇ ಯಾವ ಸೂಚನೆಗೆ ತಟ್ಟುತ್ತೆ ಅಂತ ಬರೆದು ಕಳಿಸಬೇಕು ಅನ್ನೋದು ನನ್ನ ಅಭಿಪ್ರಾಯ. ಮೇಡಂ, ಇನ್ನೊಬ್ಬರದೂ ನೋಡಿ ಹೇಳಿ. ಅಡ್ರೆಸ್ ಸೂಚನೆ ತಿದ್ದಿದ ತಾರೀಖು ಎಲ್ಲಾದ್ರೂ ಬರೆದಿಡಿ, ಅದಕ್ಕೆ ಮುಂಚೆ ಕ್ಲೋಸ್ ಆದದ್ದು ಬೇರೆ, ಆಮೇಲಿನದ್ದು ಬೇರೆ ಎಣಿಸೋಕೆ ಬೇಕಾಗುತ್ತೆ.