ಪದಚರ್ಚೆ: ‘ಪ್ಲೇ ರೇಟ್’ ಎಂಬಲ್ಲಿ ‘ದರ’ ಎಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಜಾಲತಾಣಕ್ಕೆ ಬಂದುಹೋಗುವವರ ಲೆಕ್ಕ ತೋರಿಸುವ ಒಂದು ತಂತ್ರಾಂಶದ ಪರದೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಂದು ಪರದೆಯ ಹೆಸರು ನನ್ನನ್ನು ವಾರದಿಂದ ಕಾಡುತ್ತಿದೆ. ಲ್ಯಾಂಡಿಂಗ್ ಪುಟದ ಮೇಲ್ಭಾಗದಲ್ಲಿ, ನಡುವಿನಲ್ಲಿ ಮತ್ತು ಕೊನೆಯಲ್ಲಿ ಕೂರಿಸಿದ ವಿಡಿಯೊಗಳ ಪೈಕಿ ಯಾವ ಜಾಗದಲ್ಲಿರುವುದನ್ನು ಎಷ್ಟು ಪಾಲು ಜನರು ಪ್ಲೇ ಮಾಡಿದರು ಎಂಬುದನ್ನು, ಪುಟದ ಚಿತ್ರದ ಮೇಲೆಯೇ ತಿಳಿಹಳದಿಯಿಂದ ಕಡುಗೆಂಪಿನವರೆಗಿನ ಬಣ್ಣಗಳಲ್ಲಿ ಅದು ತೋರಿಸುತ್ತದೆ. ಹಿಂದಿನ ಅನುವಾದಕರು ಇದನ್ನು ‘ಸ್ಥಾನವಾರು ಪ್ಲೇ ದರದ ಉಷ್ಣನಕ್ಷೆ’ ಎಂದು ಕರೆದಿದ್ದಾರೆ. ‘ದರ’ ಎಂದೊಡನೆ ಓದುಗರಿಗೆ ಬೆಲೆ ನೆನಪಾದೀತು, ‘ಉಷ್ಣ’ ಎಂದೊಡನೆ ಹವಾಮಾನ ನೆನಪಾದೀತು ಎಂಬುದು ನನ್ನ ಅಳುಕು. ಇನ್ನೊಂದು ಪರದೆಯಲ್ಲಂತೂ ಅದೇ ಪ್ಲೇ ರೇಟ್ ‘ಓಟದ ವೇಗ’ ಆಗಿದೆ. ತಮ್ಮ ಸಲಹೆ ಬೇಕು.

ಶಾಲಿನಿ

* * *

ಶಾಲಿನಿಯವರೇ,

‘ದರ’ದ ಬಗ್ಗೆ ಅಷ್ಟು ಅಳುಕು ಬೇಡ. ಜನನ ದರ, ಮರಣ ದರ ಎಂದು ಬರೆಯುವಾಗ ಯಾರೂ ಬೆಲೆಯನ್ನು ನೆನೆಯುವುದಿಲ್ಲ. ತೊಡಕಿರುವುದು ‘ಪ್ಲೇ’ ಎಂಬಲ್ಲಿ. ಅದನ್ನು ಬಿಟ್ಟು ‘ವೀಕ್ಷಣಾ ದರ’ ಎಂದರೆ ಅಚ್ಚುಕಟ್ಟಾಗುತ್ತದೆ. ಇನ್ನು ನಕ್ಷೆಯ ವಿಷಯ: ವಿಡಿಯೊದ ಯಾವ ಭಾಗವನ್ನು ಜನ ಮತ್ತೆ ಮತ್ತೆ ನೋಡಿದರು, ಯಾವ ಭಾಗವನ್ನು ದಾಟಿಸಿದರು ಎಂದು ತೋರಿಸುವ ಬಣ್ಣದ ಪಟ್ಟಿಯೇ ಅದು ತಾನೇ? ಹಾಗಿದ್ದರೆ ‘ವೀಕ್ಷಣಾ ಪಟ್ಟಿ’ ಎಂಬ ಎರಡೇ ಪದ ಸಾಕು.

ಗುರುರಾಜ

* * *

ಗುರುರಾಜರು ಹೇಳಿದ ಪಟ್ಟಿ ಬೇರೆಯದು. ಹೀಟ್‌ಮ್ಯಾಪ್ ಎಂಬ ಒಂದೇ ಹೆಸರನ್ನು ಎರಡಕ್ಕೂ ಬಳಸುವುದರಿಂದ ಈ ಗೊಂದಲ ಸಹಜ. ಅವರ ಪಟ್ಟಿ ವಿಡಿಯೊದ ಒಳಗಿನ ಕಾಲವನ್ನು ಅಳೆಯುತ್ತದೆ, ಶಾಲಿನಿಯವರ ನಕ್ಷೆ ಪುಟದ ಮೇಲಿನ ಜಾಗವನ್ನು ಅಳೆಯುತ್ತದೆ. ‘ವೀಕ್ಷಣೆ’ ಎಂಬುದೂ ಇಲ್ಲಿ ಸಲ್ಲದು, ಏಕೆಂದರೆ ಪ್ಲೇ ಒತ್ತಿ ಮೂರನೆಯ ಸೆಕೆಂಡಿಗೆ ಪುಟ ಮುಚ್ಚಿದವರೂ ಈ ಲೆಕ್ಕದಲ್ಲಿ ಬರುತ್ತಾರೆ. ‘ಓಟದ ವೇಗ’ ಎಲ್ಲಿಂದ ಬಂತೆಂಬುದು ಊಹಿಸಬಹುದಾದದ್ದೇ: ವಿಡಿಯೊವನ್ನು ಒಂದೂವರೆ ಪಟ್ಟು ಬೇಗ ಓಡಿಸುವ ಗುಣಕ್ಕೆ ಬ್ರೌಸರುಗಳಲ್ಲಿ `playbackRate` ಎಂಬ ಹೆಸರಿದೆ, ಅನುವಾದಕರು ಎರಡನ್ನೂ ಒಂದೆಂದು ತಿಳಿದಿರಬೇಕು.

ಆದರೆ ನನ್ನ ಮುಖ್ಯ ಆಕ್ಷೇಪ ಇವಾವುವೂ ಅಲ್ಲ. ‘ದರ’ ಎನ್ನಿ, ‘ಪ್ರಮಾಣ’ ಎನ್ನಿ, ಯಾರಲ್ಲಿ ಎಷ್ಟು ಮಂದಿ ಎಂಬುದು ಹೆಸರಿನಲ್ಲಿ ಇಲ್ಲದಿದ್ದರೆ ಈ ನಕ್ಷೆಯನ್ನು ಓದಲು ಬರುವುದಿಲ್ಲ. ಲೆಕ್ಕಕ್ಕೆ ಸುಲಭವಾದ ಸಂಖ್ಯೆಗಳನ್ನು ಹಿಡಿಯೋಣ. ಪುಟವನ್ನು 1,000 ಮಂದಿ ತೆರೆದರು. ಮೇಲಿನ ವಿಡಿಯೊ ಎಲ್ಲರಿಗೂ ಕಂಡಿತು, 180 ಮಂದಿ ಪ್ಲೇ ಒತ್ತಿದರು. ನಡುವಿನ ವಿಡಿಯೊವರೆಗೆ ಸರಿಸಿಕೊಂಡು ಬಂದವರು 520, ಒತ್ತಿದವರು 78. ಕೊನೆಯದನ್ನು ತಲುಪಿದವರು 160, ಒತ್ತಿದವರು 40. ಪುಟ ತೆರೆದವರೆಲ್ಲರನ್ನೂ ಆಧಾರವಾಗಿಟ್ಟು ಭಾಗಿಸಿದರೆ ಮೇಲಿನಿಂದ ಕೆಳಕ್ಕೆ ಶೇ. 18, ಶೇ. 7.8, ಶೇ. 4 ಆಗುತ್ತದೆ; ಕೊನೆಯ ಜಾಗ ಎಲ್ಲಕ್ಕಿಂತ ಪೇಲವ. ಆಯಾ ವಿಡಿಯೊ ಕಣ್ಣಿಗೆ ಬಿದ್ದವರನ್ನು ಆಧಾರವಾಗಿಟ್ಟರೆ ಶೇ. 18, ಶೇ. 15, ಶೇ. 25, ಈಗ ಅದೇ ಕೊನೆಯ ಜಾಗ ಕಡುಗೆಂಪು. ಎರಡೂ ನಕ್ಷೆಗಳು ಸರಿಯಾದವೇ, ಎರಡಕ್ಕೂ ಅಂಟಿಸಿರುವ ಹೆಸರೂ ‘ಪ್ಲೇ ದರ’ವೇ.

ಆದ್ದರಿಂದ ‘ತೆರೆದವರಲ್ಲಿ ಒತ್ತಿದವರು’ ಮತ್ತು ‘ಕಂಡವರಲ್ಲಿ ಒತ್ತಿದವರು’ ಎಂದು ಎರಡು ಹೆಸರುಗಳನ್ನೇ ಇಡಿ ಎಂಬುದು ನನ್ನ ಸಲಹೆ. ಕೇಳಲು ಪಾರಿಭಾಷಿಕ ಪದದ ಗತ್ತಿಲ್ಲ, ಆದರೆ ತಪ್ಪಿಗೆ ಎಡೆಯಿಲ್ಲ.

ಯಾವ ಹೆಸರು ಎಲ್ಲಿಗೆ ಸಲ್ಲುತ್ತದೆ ಎಂಬುದನ್ನು ಮಾತ್ರ ತಂತ್ರಾಂಶ ಬರೆದವರನ್ನೇ ಕೇಳಬೇಕು. ಅನೇಕ ಕಡೆ ವಿಡಿಯೊದ ಪ್ಲೇಯರ್ ಎಷ್ಟು ಬಾರಿ ಲೋಡ್ ಆಯಿತು ಎಂಬುದನ್ನೇ ಆಧಾರವಾಗಿ ಹಿಡಿಯುತ್ತಾರೆ. ಪುಟದೊಂದಿಗೇ ಎಲ್ಲ ಪ್ಲೇಯರುಗಳೂ ಲೋಡ್ ಆಗುವುದಾದರೆ ಅದು ‘ತೆರೆದವರಲ್ಲಿ’. ಯಾರಾದರೂ ಪುಟವನ್ನು ಹಗುರ ಮಾಡಲೆಂದು ಕೆಳಗಿನ ವಿಡಿಯೊಗಳ ಚೌಕಟ್ಟಿಗೆ `loading="lazy"` ಸೇರಿಸಿದರೆ, ಓದುಗರು ಸಮೀಪಕ್ಕೆ ಬಂದಾಗ ಮಾತ್ರ ಅವು ಲೋಡ್ ಆಗುತ್ತವೆ. ಆ ದಿನದಿಂದ ಅದೇ ಲೆಕ್ಕ ಹೆಚ್ಚುಕಡಿಮೆ ‘ಕಂಡವರಲ್ಲಿ’ ಆಗಿಬಿಡುತ್ತದೆ. ಒತ್ತಿದವರ ಸಂಖ್ಯೆ ಏರದೆ ಕೊನೆಯ ಜಾಗ ಒಂದೇ ರಾತ್ರಿಯಲ್ಲಿ ಕೆಂಪೇರಿದ್ದರೆ ಮೊದಲು ಇದನ್ನೇ ಶಂಕಿಸಬೇಕು. ಹೆಚ್ಚುಕಡಿಮೆ ಎಂದದ್ದು ಏಕೆಂದರೆ, ವಿಡಿಯೊ ಪರದೆಗೆ ಬರುವ ಮೊದಲೇ ಬ್ರೌಸರ್ ಅದನ್ನು ತರಿಸಿಕೊಂಡಿರುತ್ತದೆ. ನಿಜವಾಗಿ ಕಂಡವರನ್ನು ಎಣಿಸಲು, ಚೌಕಟ್ಟಿನ ಅರ್ಧದಷ್ಟಾದರೂ ಪರದೆಯಲ್ಲಿ ಇತ್ತೇ ಎಂದು ಬೇರೆಯಾಗಿಯೇ ಗಮನಿಸಬೇಕಾಗುತ್ತದೆ.

ವಸುಧಾ

* * *

ನಾನು ಪತ್ರಿಕೆಯ ಹವಾಮಾನ ಪುಟವನ್ನು ನೋಡಿಕೊಳ್ಳುವವನು. ‘ಉಷ್ಣನಕ್ಷೆ’, ‘ತಾಪನಕ್ಷೆ’ ಎರಡನ್ನೂ ನಾವು ನಿಜವಾದ ಬಿಸಿಲಿನ ನಕ್ಷೆಗೆ ಬಳಸುತ್ತೇವೆ, ದಯವಿಟ್ಟು ಅವನ್ನು ನಮಗೇ ಬಿಡಿ. ಬಿಸಿಯೇ ಇಲ್ಲದ ಕಡೆ ಬಿಸಿಯ ಹೆಸರೇಕೆ?

ಅದಿರಲಿ, ವಸುಧಾ ಅವರ ಲೆಕ್ಕದಲ್ಲಿ ಕೊನೆಯ ಜಾಗಕ್ಕೆ ಶೇ. 25 ಬಂದಿದೆ. ಹಾಗಾದರೆ ವಿಡಿಯೊವನ್ನು ಪುಟದ ಕೊನೆಯಲ್ಲಿ ಇಡುವುದೇ ಲೇಸು ಎಂದಾಯಿತಲ್ಲವೇ? ನಮ್ಮ ಪುಟದಲ್ಲೂ ಹಾಗೇ ಮಾಡೋಣ ಎಂದುಕೊಂಡಿದ್ದೇನೆ.

ನಾಗೇಶ

* * *

ನಾಗೇಶರೇ, ದಯವಿಟ್ಟು ಹಾಗೆ ಮಾಡಬೇಡಿ. ಪುಟದ ಕೊನೆಯವರೆಗೆ ಬಂದ 160 ಮಂದಿ ಆಗಲೇ ಆಸಕ್ತಿ ಉಳ್ಳವರು. ಅವರು ಆ ವಿಡಿಯೊವನ್ನು ಎಲ್ಲಿಟ್ಟಿದ್ದರೂ ಒತ್ತುತ್ತಿದ್ದರೇನೋ. ಜಾಗದ ಗುಣವನ್ನೂ ಜನರ ಗುಣವನ್ನೂ ಈ ನಕ್ಷೆ ಬೇರ್ಪಡಿಸುವುದಿಲ್ಲ. ಮೂರು ಜಾಗಗಳಲ್ಲಿ ಮೂರು ಬೇರೆ ವಿಡಿಯೊಗಳಿದ್ದರೆ ವಿಡಿಯೊದ ಗುಣವೂ ಅದರಲ್ಲಿ ಬೆರೆತಿರುತ್ತದೆ. ಒಂದೇ ವಿಡಿಯೊವನ್ನು, ಬಂದವರಲ್ಲಿ ಕೆಲವರಿಗೆ ಮೇಲೆ, ಕೆಲವರಿಗೆ ಕೆಳಗೆ, ಚೀಟಿ ಎತ್ತಿದಂತೆ ಹಂಚಿ ತೋರಿಸಿ, ಎರಡು ಗುಂಪುಗಳಲ್ಲೂ ತೆರೆದವರೆಲ್ಲರ ಮೇಲೆ ಲೆಕ್ಕ ಹಾಕಿದರೆ ಮಾತ್ರ ಜಾಗದ ಮಾತು ಆಡಬಹುದು.

ಇನ್ನೊಂದು ಸಂಗತಿ: 160ರಲ್ಲಿ 40 ಎಂಬುದು ಸಣ್ಣ ಲೆಕ್ಕ. ಅಷ್ಟು ಜನರಿಂದ ಬಂದ ಶೇ. 25 ನಿಜದಲ್ಲಿ ಶೇ. 18ರಿಂದ 32ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಮೇಲಿನ ಜಾಗದ್ದು ಸುಮಾರು ಶೇ. 16ರಿಂದ 20. ಎರಡರ ಅಂಚುಗಳು ಒಂದರ ಮೇಲೊಂದು ಬೀಳುತ್ತಿವೆ, ಬಣ್ಣ ಅದನ್ನು ಹೇಳುವುದಿಲ್ಲ. ಪ್ರತಿ ಬಣ್ಣದ ಮೇಲೂ ‘160ರಲ್ಲಿ 40’ ಎಂದು ಬರೆಯಲು ಜಾಗವಿದ್ದರೆ, ಶಾಲಿನಿಯವರೇ, ಹೆಸರಿಗಿಂತ ಅದಕ್ಕೇ ಹಟ ಹಿಡಿಯಿರಿ.

ಬಿಸಿಯ ಹೆಸರಿನ ಬಗ್ಗೆ ನಾಗೇಶರ ಮಾತನ್ನು ಒಪ್ಪುತ್ತೇನೆ. 1873ರಲ್ಲಿಯೇ ಟೂಸ್ಸಾಂ ಲೂವಾ ಎಂಬವರು ಪ್ಯಾರಿಸ್ಸಿನ ಬಡಾವಣೆಗಳ ಜನರ ಅಂಕಿಅಂಶಗಳನ್ನು ಛಾಯೆ ತುಂಬಿದ ಚೌಕಗಳ ಕೋಷ್ಟಕವಾಗಿ ಅಚ್ಚು ಹಾಕಿಸಿದ್ದರು. ಈ ಬಗೆಯ ಚಿತ್ರದಲ್ಲಿ ಕೆಲಸ ಮಾಡುವುದು ಬಣ್ಣದ ಸಾಂದ್ರತೆ, ಶಾಖವಲ್ಲ.

ವಸುಧಾ

* * *

‘ಛಾಯಾನಕ್ಷೆ’ ಆದೀತೇ? ಛಾಯಾಚಿತ್ರ ನೆನಪಾಗುತ್ತದೆ ಎನ್ನಬೇಡಿ.

ಗುರುರಾಜ

* * *

ನೆನಪಾಗುತ್ತದೆ, ಏನು ಮಾಡಲಿ ಗುರುರಾಜರೇ. ಸದ್ಯಕ್ಕೆ ‘ಬಣ್ಣದ ನಕ್ಷೆ’ ಎಂದೇ ಬರೆದಿದ್ದೇನೆ. ಹೆಚ್ಚು ಒಳ್ಳೆಯದು ಸಿಕ್ಕರೆ ಬದಲಿಸುತ್ತೇನೆ. ತಂಡದವರನ್ನು ಕೇಳಿದೆ, ಅವರ ಆಧಾರ ಪ್ಲೇಯರ್ ಲೋಡ್ ಆದ ಸಂಖ್ಯೆಯೇ ಆಗಿದ್ದು, ಅದು ತೆರೆದವರೋ ಕಂಡವರೋ ಎಂಬುದು ಪುಟದಿಂದ ಪುಟಕ್ಕೆ ಬದಲಾಗುತ್ತದಂತೆ. ಆದ್ದರಿಂದ ‘ಜಾಗವಾರು ಬಣ್ಣದ ನಕ್ಷೆ: ಪ್ಲೇಯರ್ ಲೋಡ್ ಆದವುಗಳಲ್ಲಿ ಪ್ಲೇ ಒತ್ತಿದ್ದು’ ಎಂದು ಬರೆದೆ. ಉದ್ದವಾಯಿತು, ಆದರೆ ಸುಳ್ಳಲ್ಲ.

ಒಂದು ತೊಡಕು ಉಳಿದಿದೆ. ಕೆಲವು ಪುಟಗಳಲ್ಲಿ ಮೇಲಿನ ವಿಡಿಯೊ ಸದ್ದಿಲ್ಲದೆ ತಾನಾಗಿ ಓಡಲು ಶುರುವಾಗುತ್ತದೆ, ಅಲ್ಲಿ ಯಾರೂ ಏನನ್ನೂ ಒತ್ತಿರುವುದಿಲ್ಲ. ಆದರೂ ತಂತ್ರಾಂಶ ಅದನ್ನು ಪ್ಲೇ ಎಂದೇ ಎಣಿಸುವುದರಿಂದ ಆ ಜಾಗ ಶೇ. 100ರ ಹತ್ತಿರ ನಿಂತು, ಉಳಿದ ಬಣ್ಣಗಳೆಲ್ಲ ಮಂಕಾಗುತ್ತವೆ. ಅಲ್ಲಿ ‘ಒತ್ತಿದ್ದು’ ಎಂದು ಬರೆದರೆ ಸುಳ್ಳಾಗುತ್ತದೆ, ‘ಓಡಿದ್ದು’ ಎಂದು ಬರೆದರೆ ಒತ್ತಿದವರ ಲೆಕ್ಕ ಮರೆಯಾಗುತ್ತದೆ. ಎರಡನ್ನೂ ಹಿಡಿದಿಡುವ ಕ್ರಿಯಾಪದ ಯಾರಿಗಾದರೂ ಹೊಳೆದರೆ ತಿಳಿಸಿ.

ಶಾಲಿನಿ