ಪದಚರ್ಚೆ: ಕ್ಯಾಲ್ಸಿಯಂ ‘ಸ್ಕೋರ್’ ಅಂದರೆ ಅಂಕವೇ? ‘ಪರ್ಸೆಂಟೈಲ್’ಗೆ ಏನನ್ನೋಣ?

ಬದಿಯಡ್ಕದಿಂದ:
ಎಲ್ಲರಿಗೂ ನಮಸ್ಕಾರ. ಹೃದಯದ ರಕ್ತನಾಳಗಳಲ್ಲಿ ಗಟ್ಟಿಯಾದ ಕ್ಯಾಲ್ಸಿಯಂ ಅಳೆಯುವ ಸಿಟಿ ಸ್ಕ್ಯಾನ್ ವರದಿಯನ್ನು ಕನ್ನಡದಲ್ಲಿ ವಿವರಿಸುವ ಎರಡು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ನಮ್ಮ ಕಡೆಯವರು ಸ್ಕ್ಯಾನಿಗೆ ಮಂಗಳೂರಿಗೋ ಕಾಞಂಗಾಡಿಗೋ ಹೋಗುತ್ತಾರೆ, ವರದಿ ಬರುವುದು ಇಂಗ್ಲಿಷಿನಲ್ಲಿ. ಒಂದು ಮಾದರಿ ವರದಿಯ ಸಾಲುಗಳನ್ನು ಹೀಗೆ ಕನ್ನಡಿಸಿದ್ದೇನೆ: ‘ಗಂಡು, 52 ವರ್ಷ. ಒಟ್ಟು ಕ್ಯಾಲ್ಸಿಯಂ ಅಂಕ 84. ಶೇ. 82.’ ಮೂಲದಲ್ಲಿ ಇರುವುದು 82ನೇ ಪರ್ಸೆಂಟೈಲ್. ಓದಿಸಿ ನೋಡಿದಾಗ ಒಬ್ಬರು ‘82 ಪರ್ಸೆಂಟ್ ಬ್ಲಾಕಾ?’ ಎಂದು ಗಾಬರಿಯಾದರು. ಇನ್ನೊಬ್ಬರು ‘84 ಬಂದಿದೆಯಲ್ಲ, ಒಳ್ಳೆಯದೇ’ ಅಂದರು. ಎರಡು ಪದವೂ ಕೈಕೊಟ್ಟಿವೆ. ಏನು ಮಾಡಲಿ?

ಪೆರ್ಲದಿಂದ:
ಅಕ್ಕ, ‘ಅಂಕ’ ಬೇಡವೇ ಬೇಡ. ನಲುವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವನ ಮಾತು ಇದು: ಅಂಕ ಹೆಚ್ಚಾದರೆ ಪಾಸು, ಸೊನ್ನೆಯಾದರೆ ಫೇಲು. ಇಲ್ಲಿ ತದ್ವಿರುದ್ಧ, ಸೊನ್ನೆ ಬಂದವನೇ ಗೆದ್ದ. ‘ಸುಣ್ಣದ ಲೆಕ್ಕ’ ಅನ್ನಬಹುದು. ಹಂಡೆಯಲ್ಲಿ ಸುಣ್ಣ ಕಟ್ಟಿದ ಹಾಗೆ ರಕ್ತನಾಳದಲ್ಲಿ ಸುಣ್ಣ ಕಟ್ಟುತ್ತದೆ, ಮದ್ದು ತೆಗೆದುಕೊಂಡರೆ ಕರಗುತ್ತದೆ, ಮುಂದಿನ ವರ್ಷ ಲೆಕ್ಕ ಇಳಿಯುತ್ತದೆ. ಜನರಿಗೆ ಥಟ್ಟನೆ ಅರ್ಥವಾಗುತ್ತದೆ.

ನೀರ್ಚಾಲಿನಿಂದ:
ಸುಣ್ಣ ಅಂದ ಕೂಡಲೇ ಕೇಳುತ್ತೇನೆ. ನನಗೆ ಮಂಡಿನೋವಿಗೆ ದಿನಾ ಒಂದು ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದಾರೆ. ಹಾಲು, ರಾಗಿ ಅಂಬಲಿ ಕೂಡ ಇದೆ. ಎಲೆ ಅಡಿಕೆಗೆ ಸುಣ್ಣ ಬೇರೆ. ಇದೆಲ್ಲ ಬಿಟ್ಟರೆ ಈ ಲೆಕ್ಕ ಕಡಿಮೆಯಾದೀತೋ?

ಮಂಗಳೂರಿನಿಂದ, ವಿಕಿರಣ ವಿಭಾಗದಲ್ಲಿ ಕೆಲಸ ಮಾಡುವವರು:
ಮಾಷ್ಟ್ರು ‘ಅಂಕ’ ಬೇಡ ಅಂದದ್ದು ನೂರಕ್ಕೆ ನೂರು ಸರಿ. ಆದರೆ ‘ಸುಣ್ಣ’ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ನೀರ್ಚಾಲಿನ ಅಕ್ಕನ ಪ್ರಶ್ನೆಯೇ ಸಾಕ್ಷಿ. ಅಕ್ಕಾ, ಹಾಲು ರಾಗಿ ಬಿಟ್ಟರೆ ಈ ಎಣಿಕೆ ಇಳಿಯುವುದಿಲ್ಲ. ಇದು ಊಟದ ಸುಣ್ಣ ಹೋಗಿ ಅಂಟಿದ್ದಲ್ಲ. ನಾಳದ ಗೋಡೆಯೊಳಗೆ ಕೊಬ್ಬು ಸೇರಿ ಗಾಯವಾಗಿ, ಆ ಗಾಯ ವರ್ಷಗಟ್ಟಲೆ ಮಾಗುವಾಗ ಗಟ್ಟಿಯಾದ ಕಲೆ. ಮಾತ್ರೆ ಬೇಕೋ ಬೇಡವೋ ಎಂದು ಅದನ್ನು ಬರೆದುಕೊಟ್ಟ ಡಾಕ್ಟ್ರಲ್ಲೇ ಕೇಳಿ.

ಹಂಡೆಯ ಹೋಲಿಕೆಗೂ ನನ್ನ ತಕರಾರಿದೆ. ಮುರಕಲ್ಲಿನ ಬಾವಿ ನೀರು ಕುಡಿಯುವ ನಮ್ಮೂರಲ್ಲಿ ಹಂಡೆಗೆ ಸುಣ್ಣ ಕಟ್ಟುವುದೇ ಅಪರೂಪ, ಅದು ಘಟ್ಟದ ಮೇಲಿನವರ ಮಾತು. ಅದಿರಲಿ, ಹಂಡೆಯಲ್ಲಿ ಕಟ್ಟುವುದು ಒಳಮೈಯ ಮೇಲೆ, ಇಲ್ಲಿ ಗಟ್ಟಿಯಾಗುವುದು ಗೋಡೆಯೊಳಗೆ. ರಕ್ತ ಹರಿಯುವ ದಾರಿ ಎಷ್ಟು ಕಿರಿದಾಗಿದೆ ಎಂದು ಈ ಸ್ಕ್ಯಾನ್ ಹೇಳುವುದೇ ಇಲ್ಲ. ಇದರಲ್ಲಿ ಬಣ್ಣದ ಮದ್ದು ಚುಚ್ಚುವುದಿಲ್ಲ, ರಕ್ತವೂ ಗೋಡೆಯೂ ಬೇರೆಬೇರೆಯಾಗಿ ಕಾಣುವುದಿಲ್ಲ. ಹಾಗಾಗಿ ‘ಬ್ಲಾಕ್’ ಎಂಬ ಪದ ಕೈಪಿಡಿಯ ಹತ್ತಿರವೂ ಸುಳಿಯಬಾರದು.

84 ಹೇಗೆ ಬಂತು ನೋಡಿ, ಪದ ತಾನಾಗಿ ಹೊಳೆದೀತು. ಇದು 1990ರಲ್ಲಿ ಅಗಾಟ್ಸ್‌ಟನ್ ಮತ್ತು ಸಂಗಡಿಗರು ಪ್ರಕಟಿಸಿದ ರೀತಿ. ಹೃದಯವನ್ನು 3 ಮಿ.ಮೀ. ದಪ್ಪದ ಹೋಳುಗಳಾಗಿ ಚಿತ್ರಿಸುತ್ತೇವೆ. ಸಾಂದ್ರತೆ, ಅಂದರೆ ಸಿಟಿ ಚಿತ್ರದಲ್ಲಿ ಕಾಣುವ ಬಿಳುಪಿನ ಅಳತೆ, 130 ದಾಟಿದ, ಕನಿಷ್ಠ 1 ಚದರ ಮಿ.ಮೀ. ಇರುವ ಚುಕ್ಕೆ ಮಾತ್ರ ಲೆಕ್ಕಕ್ಕೆ. ಚುಕ್ಕೆಯ ವಿಸ್ತೀರ್ಣವನ್ನು ಅದರ ಅತಿ ಬೆಳ್ಳಗಿನ ಜಾಗಕ್ಕೆ ತಕ್ಕಂತೆ 1ರಿಂದ 4ರವರೆಗಿನ ಸಂಖ್ಯೆಯಿಂದ ಗುಣಿಸುತ್ತೇವೆ: 200ರ ಒಳಗಿದ್ದರೆ 1, ಇನ್ನೂರರ ಮೇಲೆ 2, ಮುನ್ನೂರರ ಮೇಲೆ 3, ನಾನೂರು ಮತ್ತು ಮೇಲೆ 4. ಉದಾಹರಣೆಗೆ ನಾಲ್ಕು ಚುಕ್ಕೆ ಅಂತಿಟ್ಟುಕೊಳ್ಳಿ.

```
11 × 4 = 44
 6 × 3 = 18
 9 × 2 = 18
 4 × 1 =  4
ಒಟ್ಟು    84
```

ನೂರಕ್ಕೆ ಎಂಬ ಮಾತೇ ಇಲ್ಲಿಲ್ಲ. ಕೆಲವರಿಗೆ ಎರಡು ಸಾವಿರವೂ ಬರುತ್ತದೆ. ಬರೀ ಕೂಡಿಸಿದ ಮೊತ್ತ ಇದು. ನನ್ನ ಓಟು ‘ಕ್ಯಾಲ್ಸಿಯಂ ಎಣಿಕೆ’ಗೆ. ಎದೆಬಡಿತ ಜೋರಿದ್ದಾಗ ಚಿತ್ರ ಕದಡಿದರೆ ಎಣಿಕೆ ತಪ್ಪುತ್ತದೆ, ಸ್ಟೆಂಟ್ ಹಾಕಿದವರಲ್ಲಿ ಲೋಹವೇ ಬೆಳ್ಳಗೆ ಕಂಡು ಅರ್ಥವಿಲ್ಲದ ಮೊತ್ತ ಬರುತ್ತದೆ. ಇಷ್ಟನ್ನು ಕೈಪಿಡಿಯಲ್ಲಿ ಒಂದು ಸಾಲಿನಲ್ಲಿ ಹೇಳಿ.

ಪೆರ್ಲದಿಂದ:
ಗೋಡೆಯ ಮಾತು ಒಪ್ಪಿದೆ. ಆದರೆ ಮದ್ದಿನಿಂದ ಎಣಿಕೆ ಇಳಿಯಲೇಬೇಕಲ್ಲ? ಇಲ್ಲದಿದ್ದರೆ ಮದ್ದು ಯಾಕೆ?

ಮಂಗಳೂರಿನಿಂದ:
ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮದ್ದು ತೆಗೆದುಕೊಂಡರೆ ಎಣಿಕೆ ಇಳಿಯುವುದಿಲ್ಲ ಮಾಷ್ಟ್ರೇ, ಎಷ್ಟೋ ಸಲ ತುಸು ಏರುತ್ತದೆ. ಮೆತ್ತಗಿನ ಕೊಬ್ಬಿನ ಗಡ್ಡೆ ಒಡೆಯುವುದೇ ಹೃದಯಾಘಾತಕ್ಕೆ ದಾರಿ. ಮದ್ದು ಅದನ್ನು ಗಟ್ಟಿಮಾಡುತ್ತದೆ, ಗಟ್ಟಿಯಾದದ್ದು ಸ್ಕ್ಯಾನಿನಲ್ಲಿ ಹೆಚ್ಚು ಬೆಳ್ಳಗೆ ಕಾಣುತ್ತದೆ. ಹಾಗಾಗಿ ಮದ್ದು ಹಿಡಿಯಿತೋ ಎಂದು ನೋಡಲು ವರ್ಷವರ್ಷ ಈ ಸ್ಕ್ಯಾನ್ ಮಾಡಿಸುವುದು ದಂಡ, ಅದಕ್ಕೆ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲಿನ ರಕ್ತಪರೀಕ್ಷೆ ಇದೆ. ‘ಕರಗುತ್ತದೆ’ ಎಂದು ಮಾತ್ರ ಬರೆಯಬೇಡಿ ಅಕ್ಕ. ಎಣಿಕೆ ಏರಿದ್ದು ನೋಡಿ ಮದ್ದು ಬಿಟ್ಟುಬಿಡುತ್ತಾರೆ.

ಬದಿಯಡ್ಕದಿಂದ:
‘ಎಣಿಕೆ’ ಹಿಡಿಸಿತು. ಪರ್ಸೆಂಟೈಲ್ ಸಾಲನ್ನು ಬಿಟ್ಟೇಬಿಡಲೇ? 84 ಹೇಗೂ ನೂರರ ಒಳಗಿದೆ.

ಉಪ್ಪಳದಿಂದ, ವೈದ್ಯರು:
ಬಿಡಬೇಡಿ. ಈ ವರದಿಯಲ್ಲಿ ಮದ್ದಿನ ನಿರ್ಧಾರ ಕೂತಿರುವುದೇ ಆ ಸಾಲಿನಲ್ಲಿ. ನಿಮ್ಮ ಮಾದರಿಯ ಮನುಷ್ಯನಿಗೆ ಸಕ್ಕರೆ ಕಾಯಿಲೆ ಇಲ್ಲ, ಬೀಡಿ ಸಿಗರೇಟಿಲ್ಲ, ಎಲ್‌ಡಿಎಲ್ 138, ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಆಗುವ ಅಪಾಯ ಶೇ. 9 ಅಂತ ಹಿಡಿಯೋಣ. ಸ್ಟ್ಯಾಟಿನ್ ಶುರುಮಾಡಬೇಕೋ ಬೇಡವೋ ಎಂದು ತೂಗುವ ನಡುಮಟ್ಟ ಇದು, ಸ್ಕ್ಯಾನ್ ಉಪಯೋಗಕ್ಕೆ ಬರುವುದೂ ಇಂಥಲ್ಲೇ. 2018ರ ಅಮೆರಿಕದ ಕೊಲೆಸ್ಟರಾಲ್ ಮಾರ್ಗಸೂಚಿಯ ಪ್ರಕಾರ ಎಣಿಕೆ ಸೊನ್ನೆಯಾಗಿದ್ದರೆ ಮದ್ದನ್ನು ಸದ್ಯಕ್ಕೆ ಮುಂದೂಡಿ 5ರಿಂದ 10 ವರ್ಷಕ್ಕೆ ಮತ್ತೆ ನೋಡಬಹುದು. 100 ದಾಟಿದರೆ ಶುರುಮಾಡುವುದೇ ಸರಿ. ನಡುವೆ ಇದ್ದರೆ ಮದ್ದಿನ ಕಡೆ ವಾಲುತ್ತೇವೆ, ಅದರಲ್ಲೂ 55 ದಾಟಿದವರಲ್ಲಿ. ಇವನಿಗೆ 52, ಎಣಿಕೆ 84. ಇಷ್ಟರಿಂದ ಗಟ್ಟಿಯಾಗಿ ಹೇಳಲಾಗುವುದಿಲ್ಲ. ಆದರೆ ಅದೇ ಮಾರ್ಗಸೂಚಿ, ಎಣಿಕೆ ಎಷ್ಟೇ ಇರಲಿ, 75ನೇ ಪರ್ಸೆಂಟೈಲ್ ಮುಟ್ಟಿದವರನ್ನು ನೂರು ದಾಟಿದವರ ಸಾಲಿಗೇ ಸೇರಿಸುತ್ತದೆ. 82 ಎಂದರೆ ಇವನ ವಯಸ್ಸಿನ ನೂರು ಗಂಡಸರನ್ನು ಎಣಿಕೆ ಕಡಿಮೆ ಇದ್ದವರಿಂದ ಹೆಚ್ಚಿದ್ದವರವರೆಗೆ ಸಾಲಾಗಿ ನಿಲ್ಲಿಸಿದರೆ ಸುಮಾರು 82 ಮಂದಿ ಇವನ ಹಿಂದೆ. ವಯಸ್ಸಿಗೆ ಮೊದಲೇ ನಾಳ ಮುದಿಯಾಗಿದೆ. ಮದ್ದು ಶುರು.

ಒಂದೇ ಪುಟದಲ್ಲಿ ‘ಅಪಾಯ ಶೇ. 9’ ಅಂತಲೂ ‘ಶೇ. 82’ ಅಂತಲೂ ಬರೆದರೆ ಓದುವವರು ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ‘ಸರತಿ’ ಅಥವಾ ‘ಸಾಲಿನ ಸ್ಥಾನ’ ಅನ್ನಿ.

ಹಾಗೇ, ಸೊನ್ನೆ ಬಂದವನೇ ಗೆದ್ದ ಅಂದರಲ್ಲ ಮಾಷ್ಟ್ರೇ, ಅದು ಮುಕ್ಕಾಲು ಪಾಲು ಸರಿ. ಮೆತ್ತಗಿನ ಗಡ್ಡೆ ಈ ಸ್ಕ್ಯಾನಿಗೆ ಕಾಣುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ, ಹೊಗೆ ಸೇದುವವರಿಗೆ, ತಂದೆಗೋ ಅಣ್ಣನಿಗೋ 55ರ ಒಳಗೆ ಹೃದಯಾಘಾತ ಆದವರಿಗೆ ಸೊನ್ನೆ ನೋಡಿ ಮದ್ದು ಮುಂದೂಡುವುದಿಲ್ಲ. ಎದೆನೋವು ಇದ್ದವರಂತೂ ಈ ಎಣಿಕೆಯನ್ನು ನಂಬಿ ಕೂರಬಾರದು.

ಹೊಸೂರಿನಿಂದ:
ಸಾಲು ಅಂದಿರಿ. ಯಾರ ಸಾಲು?

ಉಪ್ಪಳದಿಂದ:
ಸರಿಯಾದ ಜಾಗಕ್ಕೇ ಕೈಹಾಕಿದಿರಿ. ಹೆಚ್ಚು ಬಳಕೆಯಲ್ಲಿರುವ ಪಟ್ಟಿ ಅಮೆರಿಕದ ಮೆಸಾ ಅಧ್ಯಯನದ್ದು. ಅದರಲ್ಲಿರುವುದು ಅಲ್ಲಿನ ಬಿಳಿಯರು, ಕರಿಯರು, ಚೀನಾ ಮೂಲದವರು, ಹಿಸ್ಪಾನಿಕ್ ಜನ. ನಮ್ಮವರ ಸಾಲೇ ಇಲ್ಲ, 45 ವರ್ಷದ ಕೆಳಗಿನವರೂ ಇಲ್ಲ. ಯಾವ ಜನರ ಪಟ್ಟಿ ಆರಿಸಿದರು ಎಂಬುದರ ಮೇಲೆ ಅದೇ 84ಕ್ಕೆ ಬೇರೆ ಸ್ಥಾನ ಬರುತ್ತದೆ. ವರದಿಯಲ್ಲಿ ಅದನ್ನು ಬರೆದಿದ್ದಾರೋ ನೋಡಿ.

ಪೆರ್ಲದಿಂದ:
ಮಲಯಾಳದಲ್ಲಿ ನೂರು ಅಂದರೆ ಸುಣ್ಣವೂ ಹೌದು, ನೂರೂ ಹೌದು. ‘ನೂರು ನೂರು ದಾಟಿದರೆ ಮದ್ದು’ ಅಂತ ಬರೆದರೆ ನಮ್ಮ ಗಡಿನಾಡಿಗೆ ಸರಿಹೋದೀತು! ತಮಾಷೆ ಬಿಡಿ. ‘ಸರತಿ’ ಅಂದರೆ ರೇಷನ್ ಅಂಗಡಿಯ ಕ್ಯೂ ನೆನಪಾಗುತ್ತದೆ, ಅಲ್ಲಿ ಮುಂದೆ ನಿಂತವನಿಗೇ ಲಾಭ. ಇಲ್ಲಿ ಮುಂದೆ ನಿಂತವನಿಗೆ ಅಪಾಯ.

ಬದಿಯಡ್ಕದಿಂದ:
ಸದ್ಯಕ್ಕೆ ಹೀಗೆ ತಿದ್ದಿದೆ: ‘ಕ್ಯಾಲ್ಸಿಯಂ ಎಣಿಕೆ 84. ಇದೇ ವಯಸ್ಸಿನ ನೂರು ಗಂಡಸರಲ್ಲಿ ಸುಮಾರು 82 ಮಂದಿಗೆ ಇದಕ್ಕಿಂತ ಕಡಿಮೆ. ಹೋಲಿಸಿದ ಪಟ್ಟಿ: ______.’ ಒಂದೇ ಪದ ಸಿಗುವವರೆಗೆ ಪೂರ್ತಿ ವಾಕ್ಯವೇ ಇರಲಿ. ‘ಸಾಲಿನ ಸ್ಥಾನ’ಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಬುಧವಾರದೊಳಗೆ ಬರೆಯಿರಿ, ಗುರುವಾರ ಅಚ್ಚಿಗೆ ಹೋಗುತ್ತದೆ.