‘ಒಂದು ವರ್ಷ ಮುಂದಕ್ಕೆ ತಂದಿದ್ದೇನೆ’: ಹಣ ಬೇಗ ಬಂತೋ, ತಡವಾಯಿತೋ?

ಪ್ರಶ್ನೆ

ನಮಸ್ಕಾರ. ಯೋಜನಾ ವರದಿ ಸಿದ್ಧಪಡಿಸುವ ಸಣ್ಣ ಕಚೇರಿಯೊಂದರಲ್ಲಿ ನಾನು ಕಿರಿಯ ವಿಶ್ಲೇಷಕಿ. ವಿಜಯಪುರ ಜಿಲ್ಲೆಯ ಬೆಳೆಗಾರರ ಸಂಘವೊಂದು ಒಣದ್ರಾಕ್ಷಿ ಇಡಲು ಶೀತಲಗೃಹ ಕಟ್ಟಬೇಕೆಂದಿದೆ. ನಮ್ಮ ಮೊದಲ ಲೆಕ್ಕದಲ್ಲಿ ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಬರುವ ಹಣದ ಇಂದಿನ ಬೆಲೆಯಿಂದ ಹೂಡಿಕೆ ಕಳೆದು ಉಳಿಯುವುದು, 3.26 ಲಕ್ಷ ಬಂದಿತ್ತು. ತಿದ್ದಿದ ಮೇಲೆ ಅದು ಸೊನ್ನೆಗಿಂತ 1.38 ಲಕ್ಷ ಕೆಳಗೆ ಹೋಯಿತು. ಏಕೆಂದು ಆಡಳಿತ ಮಂಡಳಿಗೆ ಕನ್ನಡದಲ್ಲಿ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕರಡಿನ ಮುಖ್ಯ ಭಾಗ ಇದು:

> ‘ಕಟ್ಟಡಕ್ಕೆ 40 ಲಕ್ಷ ರೂಪಾಯಿ. ವರ್ಷಕ್ಕೆ 12 ಲಕ್ಷದಂತೆ ಐದು ವರ್ಷ ಬಾಡಿಗೆ. ದರ ಶೇಕಡಾ 12. ಮೊದಲ ಬಾಡಿಗೆ ಮೊದಲ ವರ್ಷದ ಕೊನೆಗೇ ಕೈಸೇರುತ್ತದೆ ಎಂದು ಹಿಂದಿನ ವರದಿಯಲ್ಲಿ ಎಣಿಸಿದ್ದೆವು. ಆದರೆ ಜೂನ್‌ನಲ್ಲಿ ಕೆಲಸ ಹಿಡಿದರೆ ಮುಗಿಯಲು ಹತ್ತು ತಿಂಗಳಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಆ ವರ್ಷದ ಒಣದ್ರಾಕ್ಷಿ ಬೇರೆಯವರ ಗೋದಾಮು ಸೇರಿರುತ್ತದೆ. ಆದ್ದರಿಂದ ಬಾಡಿಗೆಯ ಹರಿವನ್ನು ಒಂದು ವರ್ಷ ಮುಂದಕ್ಕೆ ತಂದಿದ್ದೇನೆ. ಯೋಜನೆ ಈಗ ನಷ್ಟದಲ್ಲಿದೆ.’

ನಮ್ಮ ಹಿರಿಯರು ಓದಿ, ‘ಹಣವನ್ನು ಮುಂದಕ್ಕೆ ತಂದರೆ ಮೌಲ್ಯ ಏರಬೇಕಲ್ಲ, ಇಳಿದದ್ದು ಹೇಗೆ?’ ಎಂದು ಕೇಳಿದರು. ನಾನು ಬರೆದದ್ದು ತಡವಾಯಿತು ಎಂಬ ಅರ್ಥದಲ್ಲಿ. ಅವರು ಓದಿಕೊಂಡದ್ದು ಬೇಗ ಬಂತು ಎಂದು. ಕನ್ನಡದಲ್ಲಿ ಯಾವುದು ಸರಿ?

ಉತ್ತರ: ಪತ್ರಿಕೆಯ ಉಪಸಂಪಾದಕರೊಬ್ಬರು, ಮೈಸೂರು

ಇದರಲ್ಲಿ ಸಂಶಯವೇ ಇಲ್ಲ. ಸಭೆ ಮುಂದಕ್ಕೆ ಹೋಯಿತು ಎಂದರೆ ತಡವಾಯಿತು ಎಂದೇ. ಮುಂದೂಡು ಎಂಬ ಕ್ರಿಯಾಪದವಂತೂ ದಿನವೂ ನಮ್ಮ ಪುಟದಲ್ಲಿರುತ್ತದೆ. ಬೇಗ ಬಂತು ಎಂಬ ಅರ್ಥ ಇಂಗ್ಲಿಷಿನ ನೆರಳು. ನಿಮ್ಮ ಹಿರಿಯರು ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡ ಓದಿದ್ದಾರೆ. ಕರಡನ್ನು ಹಾಗೆಯೇ ಕಳುಹಿಸಿ.

ಉತ್ತರ: ನಿವೃತ್ತ ವಾಣಿಜ್ಯ ಅಧ್ಯಾಪಕರು, ಧಾರವಾಡ

ಉಪಸಂಪಾದಕರು ಹೇಳಿದ್ದು ಅರ್ಧ ಸರಿ. ಮುಂದೂಡಿದ್ದು ತಡವೇ. ಆದರೆ ಮುಂಗಡ ಎಂದರೇನು? ಬೇಗ ಕೊಟ್ಟ ಹಣ. ಮುಂಗಾರು ಮೊದಲು ಸುರಿಯುತ್ತದೆ, ಹಿಂಗಾರು ಆಮೇಲೆ. ಅದೇ ಬಾಯಿಂದ ಮುಂದಿನ ವರ್ಷ ಎಂದರೆ ಬರಲಿರುವುದು, ಹಿಂದಿನ ವರ್ಷ ಎಂದರೆ ಕಳೆದದ್ದು. ಸಾಲಿನಲ್ಲಿ ನಿಂತವರಲ್ಲಿ ಯಾರು ಮುಂದೆ ಎಂದು ನೋಡಿದರೆ ಮುಂದಿನವನೇ ಮೊದಲಿಗ. ದಾರಿಯಲ್ಲಿ ನಡೆಯುವವನ ಕಣ್ಣಿನಿಂದ ನೋಡಿದರೆ ಮುಂದಿರುವುದನ್ನು ಅವನು ಇನ್ನೂ ತಲುಪಿಲ್ಲ. ಎರಡೂ ನೋಟ ಕನ್ನಡದವೇ. ಇದನ್ನು ಇಂಗ್ಲಿಷಿನ ತಲೆಗೆ ಕಟ್ಟಬೇಡಿ.

ಲೆಕ್ಕದ ಪತ್ರದಲ್ಲಿ ಈ ಇಬ್ಬಂದಿ ಅಪಾಯಕಾರಿ, ಏಕೆಂದರೆ ಉತ್ತರವೇ ತಿರುಗಿಬಿಡುತ್ತದೆ. ಹಿಂದೆ, ಮುಂದೆ ಎರಡನ್ನೂ ಬಿಟ್ಟು ವರ್ಷವನ್ನೇ ಹೆಸರಿಸಿ: ‘ಬಾಡಿಗೆ ಬರುವುದು 1ರಿಂದ 5ನೆಯ ವರ್ಷದವರೆಗೆ ಅಲ್ಲ, 2ರಿಂದ 6ನೆಯ ವರ್ಷದವರೆಗೆ.’ ಇದನ್ನು ಇನ್ನೊಂದು ಬಗೆಯಲ್ಲೂ ನೋಡಬಹುದು. ನಡುವಿನ ನಾಲ್ಕು ವರ್ಷಗಳು ಎರಡು ಲೆಕ್ಕದಲ್ಲೂ ಒಂದೇ. ಮೊದಲ ವರ್ಷದ 12 ಲಕ್ಷ ಹೋಗಿ ಆರನೆಯ ವರ್ಷದ 12 ಲಕ್ಷ ಬಂತು, ಅಷ್ಟೇ. ಮೊದಲನೆಯದರ ಇಂದಿನ ಬೆಲೆ 10.71 ಲಕ್ಷ, ಆರನೆಯದರದು 6.08 ಲಕ್ಷ. ನಡುವಿನ 4.63 ಲಕ್ಷವೇ ನಿಮ್ಮ ಎರಡು ಉತ್ತರಗಳ ಅಂತರ. ಮಂಡಳಿಯ ಸದಸ್ಯರಿಗೆ ಸೂತ್ರಕ್ಕಿಂತ ಇದು ಬೇಗ ಹತ್ತುತ್ತದೆ.

‘ನಷ್ಟ’ವನ್ನೂ ತೆಗೆಯಿರಿ. 40 ಲಕ್ಷ ಹಾಕಿದವರಿಗೆ ಒಟ್ಟು 60 ಲಕ್ಷ ಬರುತ್ತದೆ. ನಷ್ಟ ಎಂದರೆ ಮೊದಲು ಏಳುವ ಸದಸ್ಯರೇ ನಿಮ್ಮನ್ನು ತಬ್ಬಿಬ್ಬು ಮಾಡುತ್ತಾರೆ. ಈ ಹಣ ವರ್ಷಕ್ಕೆ ಶೇಕಡಾ 12 ದುಡಿಯಬೇಕು ಎಂಬ ನಿಮ್ಮ ನಿರೀಕ್ಷೆಗೆ ಯೋಜನೆ ಸಾಲದು, ಅಷ್ಟನ್ನೇ ಬರೆಯಿರಿ.

ಉತ್ತರ: ಸಕ್ಕರೆ ಕಾರ್ಖಾನೆಯೊಂದರ ಲೆಕ್ಕಿಗರು, ಬೆಳಗಾವಿ

ಇದು ಪದದ ತಪ್ಪಲ್ಲ, ಎಕ್ಸೆಲ್‌ನ ತಪ್ಪು ಇರಬೇಕು. ನನಗೂ ಹೀಗೇ ಆಗಿತ್ತು. ನಿವ್ವಳ ಪ್ರಸ್ತುತ ಮೌಲ್ಯದ ಸೂತ್ರವಾದ NPVಯ ಆವರಣದೊಳಗೆ ಹೂಡಿಕೆಯನ್ನೂ ಸೇರಿಸಿದ್ದೆ. ಆವರಣದ ಮೊದಲ ಮೊತ್ತ ಒಂದು ಅವಧಿ ಕಳೆದ ಮೇಲೆ ಬರುತ್ತದೆ ಎಂದೇ ಎಕ್ಸೆಲ್ ಎಣಿಸುತ್ತದೆ. B2ರಲ್ಲಿ ಇಂದಿನ ಹೂಡಿಕೆ ಋಣ ಚಿಹ್ನೆಯೊಂದಿಗೆ ಇದ್ದರೆ ಎರಡನೆಯ ಸಾಲು ಸರಿ:

```
=NPV(12%,B2:G2)
=NPV(12%,C2:G2)+B2
```

ಮತ್ತೆ ಅಧ್ಯಾಪಕರು

ಅದು ಬೇರೆ ರೋಗ, ಲಕ್ಷಣವೂ ಬೇರೆ. ಆ ತಪ್ಪಿನಲ್ಲಿ ಹೂಡಿಕೆ, ಬಾಡಿಗೆ ಎರಡೂ ಒಟ್ಟಿಗೆ ಒಂದು ವರ್ಷ ಸರಿಯುತ್ತವೆ. 3.26 ಲಕ್ಷ 2.91 ಲಕ್ಷವಾಗುತ್ತದೆ. ಒಟ್ಟು ಉತ್ತರವನ್ನು 1.12ರಿಂದ ಭಾಗಿಸಿದಷ್ಟೇ. ಧನ ಧನವಾಗಿಯೇ, ಋಣ ಋಣವಾಗಿಯೇ ಉಳಿಯುತ್ತದೆ. ಇಲ್ಲಿ ಚಿಹ್ನೆಯೇ ಬದಲಾಗಿದೆ ಎಂದರೆ ಹೂಡಿಕೆ ನಿಂತಲ್ಲೇ ನಿಂತು ಬಾಡಿಗೆ ಮಾತ್ರ ಸರಿದಿದೆ.

ಉತ್ತರ: ಒಣದ್ರಾಕ್ಷಿ ವ್ಯಾಪಾರಿ, ವಿಜಯಪುರ

ಮುಂದು ಹಿಂದಿನ ಚರ್ಚೆ ನಿಮಗೆ ಬಿಟ್ಟದ್ದು. ಆ ಶೇಕಡಾ 12ರ ದರವನ್ನು ಪತ್ರದಲ್ಲಿ ‘ರಿಯಾಯಿತಿ ದರ’ ಎಂದು ಎಲ್ಲಾದರೂ ಬರೆದಿದ್ದರೆ ಹೊಡೆದುಹಾಕಿ. ಸಂಘವು ಬಾಡಿಗೆಯಲ್ಲಿ ಶೇಕಡಾ 12 ಬಿಡುತ್ತದೆ ಎಂದು ನಮ್ಮವರು ತಿಳಿದು ಮರುದಿನವೇ ಚೀಲ ಹೊತ್ತು ಬರುತ್ತಾರೆ. ಇನ್ನೊಂದು ಮಾತು. ಬಾಡಿಗೆಯನ್ನು ನಾವು ಸರಕು ಎತ್ತುವಾಗ ಕೊಡುತ್ತೇವೆ, ಇಡುವಾಗ ಅಲ್ಲ. ಬೆಲೆ ಬರಲಿ ಎಂದು ಕಾದರೆ ಅದೂ ತಡ. ಅದನ್ನು ಎಣಿಸಿದ್ದೀರಾ?

ಅಧ್ಯಾಪಕರು

ಹಳೆಯ ವಾಣಿಜ್ಯ ಪಠ್ಯಗಳಲ್ಲಿ ಈ ರಿಯಾಯಿತಿಗೆ ‘ಸೋಡಿ’ ಎಂಬ ಪದವಿತ್ತು. ಅವಧಿಗೆ ಮೊದಲೇ ಹಣ ಬೇಕಾದವನು, ಗೊತ್ತಾದ ದಿನ ಹಣ ಕೊಡಿಸುವ ಪತ್ರವಾದ ಹುಂಡಿಯನ್ನು ಸೋಡಿ ಮಾಡಿಸಿ ಸ್ವಲ್ಪ ಕಡಿಮೆಗೆ ಪಡೆಯುತ್ತಿದ್ದ. ನಿಮ್ಮ ಲೆಕ್ಕವೂ ಅದೇ ಜಾತಿಯದು, ಆರು ವರ್ಷಕ್ಕೆ ಎಳೆದದ್ದು. ಆದರೂ ಈ ಪತ್ರಕ್ಕೆ ‘ಸೋಡಿ ದರ’ ಸಲಹೆ ಮಾಡಲಾರೆ. ವ್ಯಾಪಾರಿಗಳ ಆಕ್ಷೇಪ ಅದಕ್ಕೂ ತಗಲುತ್ತದೆ.

ಈಗ ನನ್ನ ಪ್ರಶ್ನೆ. ಬರುವ ಹಣದ ಕಾಲ ತಿದ್ದಿದಿರಿ. ಹೋಗುವ ಹಣದ್ದು? ಹತ್ತು ತಿಂಗಳ ಕಟ್ಟಡಕ್ಕೆ 40 ಲಕ್ಷವನ್ನೂ ಮೊದಲ ದಿನವೇ ಯಾರು ಎಣಿಸಿಕೊಡುತ್ತಾರೆ? ಅರ್ಧ ಈಗ, ಅರ್ಧ ವರ್ಷದ ಕೊನೆಗೆ ಎಂದು ಹಿಡಿಯಿರಿ. ಹೂಡಿಕೆಯ ಇಂದಿನ ಬೆಲೆ 37.86 ಲಕ್ಷಕ್ಕೆ ಇಳಿಯುತ್ತದೆ. ಬಾಡಿಗೆಯದು 38.62 ಲಕ್ಷ. ಉತ್ತರ ಮತ್ತೆ ಧನ, ಸುಮಾರು 76 ಸಾವಿರ.

ಪ್ರಶ್ನೆ ಕೇಳಿದವರು

ಸರ್, ಕೊನೆಯ ಸಾಲು ಓದಿ ಒಂದು ಗಳಿಗೆ ಕೈ ಆಡಲಿಲ್ಲ. ಹೂಡಿಕೆಯನ್ನು ನಾನು ಮುಟ್ಟಿಯೇ ಇರಲಿಲ್ಲ. ತಪ್ಪು ತಿದ್ದಿದೆ ಎಂದು ಹೇಳುವ ಪತ್ರವೇ ಅರ್ಧ ತಿದ್ದಿದ್ದಾಗಿತ್ತು. ಸಂಘದ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಗುತ್ತಿಗೆದಾರರಿಗೆ ಮೂರು ಕಂತು ಎಂದು ಮಾತಾಗಿದೆಯಂತೆ. ಕೊನೆಯದು ಯಂತ್ರ ಓಡಿಸಿ ತೋರಿಸಿದ ಮೇಲೆ. ಮೊತ್ತಗಳು ಇನ್ನೂ ಗೊತ್ತುಮಾಡಿಲ್ಲ. ಬಾಡಿಗೆ ಸರಕು ಎತ್ತುವಾಗಲೇ ಎಂಬುದನ್ನು ಅವರೂ ಒಪ್ಪಿದರು. ಆದರೆ ಯಾವ ತಿಂಗಳು ಎಷ್ಟು ಸರಕು ಹೊರಡುತ್ತದೆ ಎಂಬ ಪುಸ್ತಕ ಅವರ ಬಳಿ ಇಲ್ಲ. ವ್ಯಾಪಾರಿಗಳಲ್ಲಿ ಯಾರಾದರೂ ಅಂದಾಜು ಕೊಟ್ಟರೆ ಉಪಕಾರವಾಗುತ್ತದೆ.

ಸದ್ಯಕ್ಕೆ ಪತ್ರದ ವಾಕ್ಯ ಹೀಗಿದೆ: ‘ಮೊದಲ ಬಾಡಿಗೆ 1ನೆಯ ವರ್ಷದ ಬದಲು 2ನೆಯ ವರ್ಷದ ಕೊನೆಗೆ ಬರುತ್ತದೆ. ಪೂರ್ತಿ ಹಣವನ್ನು ಮೊದಲೇ ಕೊಟ್ಟರೆ ಈ ಯೋಜನೆ ಶೇಕಡಾ 12ರ ಗಳಿಕೆಗೆ ಸಾಲದು. ಕಂತಿನಲ್ಲಿ ಕೊಟ್ಟರೆ ಸಾಲಬಹುದು. ಕಂತುಗಳ ಮೊತ್ತ ಮತ್ತು ದಿನಾಂಕ ತಿಳಿಸಿ.’

ಉಪಸಂಪಾದಕರು

ಮುಂಗಾರಿಗೆ ನನ್ನ ಬಳಿ ಉತ್ತರವಿಲ್ಲ, ಒಪ್ಪಿದೆ. ಆದರೆ ‘ಮುಂದಕ್ಕೆ’ ಎಂಬ ಈ ವಿಭಕ್ತಿ ರೂಪದಲ್ಲಿ, ಕಾಲದ ಮಾತಿಗೆ, ಬೇಗ ಎಂಬ ಅರ್ಥ ಬರುವ ಒಂದೇ ಒಂದು ಸಹಜ ಕನ್ನಡ ವಾಕ್ಯವನ್ನು ಯಾರಾದರೂ ಕೊಡಿ ನೋಡೋಣ. ಸಮಾಸಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.